ಮರುಕಳಿಸುವ ಉರಿಮೂತ್ರಕ್ಕೆ ಕ್ರ್ಯಾನ್‌ಬೆರಿ: ಎಲ್ಲಿಯವರೆಗೆ ನಂಬಬಹುದು?

ಮೆಡಿಕಲ್ ಶಾಪಿಗೆ ಹೋಗಿ ‘ಯೂರಿನ್ ಇನ್ಫೆಕ್ಷನ್ ಆಗಿದೆ, ಏನಾದರೂ ಕೊಡಿ’ ಎಂದು ಕೇಳುವ ಹೆಂಗಸರಿಗೆ ಈಗ ಸಿರಪ್ಪಿನ ಜೊತೆಗೆ ಕೆಂಪು ಹಣ್ಣಿನ ಚಿತ್ರವಿರುವ ಒಂದು ಪೊಟ್ಟಣವೂ ಸಿಗುತ್ತದೆ. ಅದು ಕ್ರ್ಯಾನ್‌ಬೆರಿ ಮಾತ್ರೆಯಾಗಿರಬಹುದು, ನೀರಿಗೆ ಕಲಸುವ ಪುಡಿಯಾಗಿರಬಹುದು. ಸೂಪರ್ ಮಾರ್ಕೆಟ್ಟಿನಲ್ಲಿ ಅದರದೇ ಜ್ಯೂಸು, ಒಣಗಿಸಿದ ಹಣ್ಣು ಇರುತ್ತವೆ. ವರ್ಷಕ್ಕೆ ಮೂರು ನಾಲ್ಕು ಸಲ ಉರಿಮೂತ್ರದಿಂದ ನರಳುವವರು ಇದನ್ನು ಆಸೆಯಿಂದ ಕೊಳ್ಳುತ್ತಾರೆ. ಕೊಂಡವರಲ್ಲಿ ಕೆಲವರಿಗೆ ಇದರಿಂದ ನಿಜವಾಗಿಯೂ ಉಪಯೋಗವಿದೆ. ಇನ್ನು ಕೆಲವರಿಗೆ ಹಣ ದಂಡ. ಮತ್ತೆ ಕೆಲವರಿಗೆ ಇದನ್ನು ನಂಬಿ ಕಳೆದ ನಾಲ್ಕು ದಿನವೇ ಅಪಾಯ ತರುತ್ತದೆ. ಯಾರು ಯಾವ ಗುಂಪಿಗೆ ಸೇರುತ್ತಾರೆ ಎಂಬುದನ್ನು ತಿಳಿಯುವುದು ಕಷ್ಟವೇನಲ್ಲ.

ಮೊದಲೇ ಒಂದು ಮಾತು ಹೇಳಿಬಿಡಬೇಕು. ಕ್ರ್ಯಾನ್‌ಬೆರಿಯ ಪರವಾಗಿ ಇರುವ ಸಾಕ್ಷ್ಯವೆಲ್ಲ ಸೋಂಕು ಬಾರದಂತೆ ತಡೆಯುವುದಕ್ಕೆ ಸಂಬಂಧಿಸಿದ್ದು. ಬಂದ ಸೋಂಕನ್ನು ಅದು ವಾಸಿಮಾಡುತ್ತದೆ ಎನ್ನುವುದಕ್ಕೆ ಆಧಾರವಿಲ್ಲ. ಉರಿ ಶುರುವಾದ ಮೇಲೆ ಜ್ಯೂಸು ತಂದು ಕುಡಿಯುವುದು ಔಷಧಿಯಲ್ಲ.

ಕ್ರಿಮಿ ಅಂಟಿಕೊಳ್ಳುವ ಬಗೆ

ನಮ್ಮಲ್ಲಿ ಉರಿಮೂತ್ರ ಬಂದರೆ ‘ಉಷ್ಣ ಆಗಿದೆ’ ಎಂದು ಎಳನೀರು, ಬಾರ್ಲಿ ನೀರು ಕುಡಿಸುತ್ತಾರೆ. ನೀರು ಕಡಿಮೆಯಾಗಿ ಮೂತ್ರ ಗಟ್ಟಿಯಾದಾಗಲೂ ಉರಿ ಬರುವುದುಂಟು. ಆಗ ಇದರಿಂದ ಹಿತವಾಗುತ್ತದೆ. ಆದರೆ ಪದೇಪದೇ ಹೋಗಬೇಕೆನಿಸುವುದು, ಹೋದರೆ ನಾಲ್ಕು ಹನಿ, ಆ ನಾಲ್ಕು ಹನಿಯೂ ಉರಿಯುವುದು, ಕಿಬ್ಬೊಟ್ಟೆಯಲ್ಲಿ ನೋವು, ಇವೆಲ್ಲ ಒಟ್ಟಿಗೆ ಬಂದರೆ ಅದು ಬಹುಮಟ್ಟಿಗೆ ಮೂತ್ರಕೋಶದ ಸೋಂಕು. ಇದನ್ನು ತರುವ ಕ್ರಿಮಿಗಳಲ್ಲಿ ಮುಖ್ಯವಾದದ್ದು ಇ. ಕೋಲೈ. ಇದು ನಮ್ಮ ಕರುಳಿನಲ್ಲೇ ವಾಸಿಸುವ ಬ್ಯಾಕ್ಟೀರಿಯಾ. ಅಲ್ಲಿದ್ದಾಗ ತೊಂದರೆ ಕೊಡದ ಇದು ಗುದದ್ವಾರದಿಂದ ಮೂತ್ರದ್ವಾರಕ್ಕೆ ಸರಿದು ಮೇಲೇರಿದಾಗ ಸೋಂಕು ಶುರುವಾಗುತ್ತದೆ. ಹೆಂಗಸರಲ್ಲಿ ಈ ಎರಡು ದ್ವಾರಗಳು ಹತ್ತಿರ, ಮೂತ್ರನಾಳದ ಉದ್ದವೂ ಬಹಳ ಕಡಿಮೆ. ಅದಕ್ಕೇ ಈ ಕಾಯಿಲೆ ಅವರಿಗೆ ಹೆಚ್ಚು.

ಮೂತ್ರದ ಹರಿವು ಕ್ರಿಮಿಗಳನ್ನು ದಿನವೂ ಕೊಚ್ಚಿ ಹೊರಹಾಕುತ್ತಲೇ ಇರುತ್ತದೆ. ಹಾಗಿದ್ದೂ ಇ. ಕೋಲೈ ಉಳಿಯುವುದು ಅದರ ಮೈಮೇಲಿರುವ ಕೂದಲಿನಂಥ ಕೊಕ್ಕೆಗಳಿಂದ. ಹೊಲದ ಬದುವಿನಲ್ಲಿ ನಡೆದರೆ ಉತ್ತರಾಣಿಯ ಬೀಜ ಸೀರೆಯ ಅಂಚಿಗೆ ಕಚ್ಚಿಕೊಳ್ಳುವಂತೆ ಇದು ಮೂತ್ರಕೋಶದ ಒಳಗೋಡೆಯನ್ನು ಕಚ್ಚಿಕೊಳ್ಳುತ್ತದೆ. ಕ್ರ್ಯಾನ್‌ಬೆರಿಯಲ್ಲಿ ಪ್ರೋಆಂಥೋಸಯನಿಡಿನ್ ಎಂಬ ಒಗರು ಪದಾರ್ಥವಿದೆ. ಚಿಕ್ಕದಾಗಿ ಪಿಎಸಿ ಎನ್ನುತ್ತಾರೆ. ದ್ರಾಕ್ಷಿ, ಚಹಾ, ಸೇಬಿನಲ್ಲೂ ಪಿಎಸಿ ಇದೆ. ಆದರೆ ಕ್ರ್ಯಾನ್‌ಬೆರಿಯಲ್ಲಿ ‘ಎ’ ಮಾದರಿಯದು ಹೇರಳ. ಪ್ರಯೋಗಾಲಯದಲ್ಲಿ ನೋಡಿದಾಗ ಈ ಮಾದರಿಯದು ಇ. ಕೋಲೈನ ಕೊಕ್ಕೆಗಳು ಕಚ್ಚದಂತೆ ಮಾಡುತ್ತದೆ. ಹುಳಿ ಹಣ್ಣು ಮೂತ್ರವನ್ನು ಆಮ್ಲೀಯಗೊಳಿಸಿ ಕ್ರಿಮಿಯನ್ನು ಕೊಲ್ಲುತ್ತದೆ ಎಂಬ ಹಳೆಯ ವಿವರಣೆಯನ್ನು ಈಗ ಹೆಚ್ಚು ಮಂದಿ ಒಪ್ಪುವುದಿಲ್ಲ.

ಅದರ ಮಿತಿಯೂ ಈ ವಿವರಣೆಯಲ್ಲೇ ಇದೆ. ಪಿಎಸಿ ಕ್ರಿಮಿಯನ್ನು ಕೊಲ್ಲುವುದಿಲ್ಲ, ಅಂಟಲು ಬಿಡುವುದಿಲ್ಲ ಅಷ್ಟೇ. ಈಗಾಗಲೇ ಅಂಟಿ, ಗೋಡೆಯ ಜೀವಕೋಶದೊಳಗೂ ಹೊಕ್ಕ ಕ್ರಿಮಿಗೆ ಅದು ಏನೂ ಮಾಡಲಾರದು. ಮೂತ್ರ ಪೂರ್ತಿ ಖಾಲಿಯಾಗದೆ ಕೋಶದಲ್ಲಿ ನಿಲ್ಲುವವರಲ್ಲಿ ಕ್ರಿಮಿ ಗೋಡೆಗೆ ಅಂಟದೆಯೂ ನಿಂತ ಮೂತ್ರದಲ್ಲಿ ಬೆಳೆಯಬಲ್ಲದು.

ಸಾಕ್ಷ್ಯ ಏನು ಹೇಳುತ್ತದೆ

ಈ ಹಣ್ಣಿನ ಬಗ್ಗೆ ವೈದ್ಯಲೋಕದ ಅಭಿಪ್ರಾಯ ಮೂವತ್ತು ವರ್ಷಗಳಲ್ಲಿ ಎರಡು ಬಾರಿ ಹೊರಳಿದೆ. 1994ರಲ್ಲಿ ಅಮೆರಿಕದ ಬಾಸ್ಟನ್ನಿನಲ್ಲಿ 153 ಮಂದಿ ವೃದ್ಧೆಯರ ಮೇಲೆ ನಡೆದ ಪ್ರಯೋಗ ಸುದ್ದಿಯಾಯಿತು. ದಿನಕ್ಕೆ 300 ಮಿಲಿಲೀಟರ್ ಕ್ರ್ಯಾನ್‌ಬೆರಿ ಪಾನೀಯ ಕುಡಿದವರ ಮೂತ್ರದಲ್ಲಿ ಬ್ಯಾಕ್ಟೀರಿಯಾ ಮತ್ತು ಕೀವುಕಣಗಳು ಒಟ್ಟಿಗೆ ಕಂಡದ್ದು ಕಡಿಮೆ. ಆದರೆ ಅಲ್ಲಿ ಅಳೆದದ್ದು ಮೂತ್ರದಲ್ಲಿ ಕಂಡದ್ದನ್ನು; ಉರಿ, ನೋವು, ಜ್ವರ ಕಡಿಮೆಯಾಯಿತೇ ಎಂಬುದನ್ನಲ್ಲ.

ಮುಂದೆ ಪ್ರಯೋಗಗಳು ಹೆಚ್ಚಿದವು, ಉತ್ತರಗಳು ಒಂದಕ್ಕೊಂದು ಹೊಂದಲಿಲ್ಲ. ವೈದ್ಯಕೀಯ ಪ್ರಯೋಗಗಳನ್ನು ಒಟ್ಟುಗೂಡಿಸಿ ತೂಗಿ ನೋಡುವ ಕಾಕ್ರೇನ್ ಸಂಸ್ಥೆ 2012ರಲ್ಲಿ 24 ಅಧ್ಯಯನಗಳನ್ನು ಪರಿಶೀಲಿಸಿ, ಹೇಳಿಕೊಳ್ಳುವಂಥ ಲಾಭ ಕಾಣುತ್ತಿಲ್ಲ ಎಂದಿತು. 2023ರಲ್ಲಿ ಅದೇ ಸಂಸ್ಥೆ 50 ಅಧ್ಯಯನಗಳ, 8857 ಮಂದಿಯ ಮಾಹಿತಿಯನ್ನು ಮತ್ತೆ ಪರಿಶೀಲಿಸಿ ಬೇರೆ ತೀರ್ಮಾನಕ್ಕೆ ಬಂತು. ಅಧ್ಯಯನಗಳು ಇಮ್ಮಡಿಯಾದದ್ದರಿಂದ ಎಲ್ಲರನ್ನೂ ಒಂದೇ ರಾಶಿಗೆ ಹಾಕದೆ, ಯಾವ ಗುಂಪಿನವರಿಗೆ ಏನಾಯಿತು ಎಂದು ಪ್ರತ್ಯೇಕವಾಗಿ ನೋಡುವುದು ಸಾಧ್ಯವಾಯಿತು.

ಪದೇಪದೇ ಸೋಂಕು ಬರುವ ಹೆಂಗಸರಲ್ಲಿ, ಕಲ್ಚರ್ ಪರೀಕ್ಷೆಯಿಂದ ಖಚಿತವಾದ ಸೋಂಕಿನ ಸಂಭವ ಸುಮಾರು ಕಾಲುಭಾಗ, ಅಂದರೆ ಶೇ. 26ರಷ್ಟು ಇಳಿದಿತ್ತು. ಮಕ್ಕಳಲ್ಲಿ ಅರ್ಧದಷ್ಟು ಇಳಿದಿತ್ತು. ಮೂತ್ರಕೋಶಕ್ಕೆ ಸಂಬಂಧಿಸಿದ ಚಿಕಿತ್ಸೆಯಿಂದಾಗಿ ಸೋಂಕಿಗೆ ಪಕ್ಕಾದವರಲ್ಲೂ ಲಾಭ ಕಂಡಿತು. ಆದರೆ ವೃದ್ಧಾಶ್ರಮಗಳಲ್ಲಿರುವ ಹಿರಿಯರಲ್ಲಿ, ಗರ್ಭಿಣಿಯರಲ್ಲಿ, ನರದೋಷದಿಂದ ಮೂತ್ರಕೋಶ ಪೂರ್ತಿ ಖಾಲಿಯಾಗದವರಲ್ಲಿ ಲಾಭ ಕಾಣಲಿಲ್ಲ. ವೃದ್ಧೆಯರ ವಿಷಯದಲ್ಲಿ 2016ರ ಒಂದು ಅಮೆರಿಕನ್ ಪ್ರಯೋಗ ಬಹಳ ಸ್ಪಷ್ಟವಾಗಿದೆ. ನರ್ಸಿಂಗ್ ಹೋಮುಗಳ 185 ಮಂದಿಗೆ ಒಂದು ವರ್ಷ ಕ್ಯಾಪ್ಸೂಲನ್ನೋ ಅದರಂತೆಯೇ ಕಾಣುವ ಹುಸಿಮಾತ್ರೆಯನ್ನೋ ಕೊಟ್ಟಾಗ, ಎರಡೂ ಗುಂಪುಗಳ ಮೂತ್ರದಲ್ಲಿ ಬ್ಯಾಕ್ಟೀರಿಯಾ ಮತ್ತು ಕೀವುಕಣ ಕಂಡ ಪ್ರಮಾಣ ಹೆಚ್ಚುಕಡಿಮೆ ಒಂದೇ, ಶೇ. 29.

ಶೇ. 26 ಎಂದರೆ ಮನೆಯ ಲೆಕ್ಕದಲ್ಲಿ ಎಷ್ಟು? ಮರುಕಳಿಸುವ ಸೋಂಕಿನ 100 ಹೆಂಗಸರಲ್ಲಿ, ಏನೂ ತೆಗೆದುಕೊಳ್ಳದಿದ್ದರೆ 50 ಮಂದಿಗೆ ಮತ್ತೆ ಸೋಂಕು ಬರುತ್ತದೆ ಎಂದು ಇಟ್ಟುಕೊಳ್ಳೋಣ. ಎಲ್ಲರೂ ಕ್ರ್ಯಾನ್‌ಬೆರಿ ತೆಗೆದುಕೊಂಡರೆ ಆ 50 ಎಂಬುದು 37 ಆಗುತ್ತದೆ. ಹದಿಮೂರು ಮಂದಿ ಪಾರಾದರು. ಮೂವತ್ತೇಳು ಮಂದಿಗೆ ತೆಗೆದುಕೊಂಡರೂ ಬಂತು. ಉಳಿದ ಐವತ್ತು ಮಂದಿಗೆ ತೆಗೆದುಕೊಳ್ಳದಿದ್ದರೂ ಬರುತ್ತಿರಲಿಲ್ಲ. ಇದು ಸಣ್ಣ ಲಾಭ, ಆದರೆ ಸುಳ್ಳು ಲಾಭವಲ್ಲ.

ಆಂಟಿಬಯಾಟಿಕ್‌ಗೆ ಹೋಲಿಸಿದರೆ ಹೇಗೆ? 2011ರಲ್ಲಿ ನೆದರ್ಲೆಂಡ್ಸ್‌ನಲ್ಲಿ ಮುಟ್ಟು ನಿಲ್ಲದ ಹೆಂಗಸರನ್ನು ಎರಡು ಗುಂಪು ಮಾಡಿ, ಒಂದಕ್ಕೆ ದಿನವೂ ಕಡಿಮೆ ಪ್ರಮಾಣದ ಆಂಟಿಬಯಾಟಿಕ್, ಇನ್ನೊಂದಕ್ಕೆ ಕ್ರ್ಯಾನ್‌ಬೆರಿ ಕ್ಯಾಪ್ಸೂಲು ಕೊಟ್ಟರು. ವರ್ಷದಲ್ಲಿ ಆಂಟಿಬಯಾಟಿಕ್ ಗುಂಪಿನವರಿಗೆ ಸರಾಸರಿ 1.8 ಬಾರಿ ಸೋಂಕು ಬಂದರೆ, ಕ್ರ್ಯಾನ್‌ಬೆರಿಯವರಿಗೆ 4 ಬಾರಿ ಬಂತು. ತಡೆಯುವ ಶಕ್ತಿಯಲ್ಲಿ ಆಂಟಿಬಯಾಟಿಕ್ ಮುಂದೆ. ಆದರೆ ಒಂದೇ ತಿಂಗಳಲ್ಲಿ ಆ ಗುಂಪಿನವರ ಕರುಳಿನ ಇ. ಕೋಲೈಗಳಲ್ಲಿ ಬಹುಪಾಲು ಆ ಔಷಧಿಗೆ ಬಗ್ಗದಂತಾಗಿದ್ದವು. ಕ್ರ್ಯಾನ್‌ಬೆರಿ ಗುಂಪಿನಲ್ಲಿ ಹಾಗಾಗಲಿಲ್ಲ. ಸಿಪ್ರೊಫ್ಲಾಕ್ಸಸಿನ್‌ನಂಥ ಮಾತ್ರೆಗಳಿಗೆ ನಮ್ಮ ದೇಶದ ಇ. ಕೋಲೈ ಈಗಾಗಲೇ ದೊಡ್ಡ ಪ್ರಮಾಣದಲ್ಲಿ ಜಗ್ಗದಂತಾಗಿದೆ. ಆದ್ದರಿಂದ ಒಂದು ಸೋಂಕು ತಪ್ಪಿದರೂ ಒಂದು ಕೋರ್ಸ್ ಆಂಟಿಬಯಾಟಿಕ್ ತಪ್ಪಿದಂತೆ. ಕ್ರ್ಯಾನ್‌ಬೆರಿಯ ಸಣ್ಣ ಲಾಭಕ್ಕೆ ಬೆಲೆ ಬರುವುದು ಇಲ್ಲಿ.

ಡಬ್ಬಿಯ ಮೇಲೆ ಏನನ್ನು ಓದಬೇಕು

ಅಧ್ಯಯನಗಳಲ್ಲಿ ಫಲ ಕಂಡಿತೆಂದರೆ ಅಂಗಡಿಯಲ್ಲಿರುವುದೆಲ್ಲ ಫಲ ಕೊಡುತ್ತದೆ ಎಂದರ್ಥವಲ್ಲ. ಸಾಮಾನ್ಯವಾಗಿ ಹೇಳುವ ಪ್ರಮಾಣ ದಿನಕ್ಕೆ 36 ಮಿಲಿಗ್ರಾಂ ಪಿಎಸಿ. ಡಬ್ಬಿಯ ಮೇಲೆ ‘ಕ್ರ್ಯಾನ್‌ಬೆರಿ 500 ಮಿಲಿಗ್ರಾಂ’ ಎಂದು ದೊಡ್ಡಕ್ಷರದಲ್ಲಿರುತ್ತದೆ. ಅದು ಹಣ್ಣಿನ ಪುಡಿಯ ಅಥವಾ ಸಾರದ ತೂಕ. ಅದರಲ್ಲಿ ಪಿಎಸಿ ಎಷ್ಟಿದೆ ಎಂಬುದು ತಯಾರಿಸುವ ವಿಧಾನದಂತೆ ಬಹಳ ಹೆಚ್ಚುಕಡಿಮೆಯಾಗುತ್ತದೆ. ಪಿಎಸಿಯ ಪ್ರಮಾಣವನ್ನೇ ಬರೆಯದ ಡಬ್ಬಿಗಿಂತ, ಅದನ್ನು ಮಿಲಿಗ್ರಾಂ ಲೆಕ್ಕದಲ್ಲಿ ಬರೆದ ಡಬ್ಬಿ ಮೇಲು. ಇವು ಔಷಧಿಯ ಕಾನೂನಿನಡಿ ಅಲ್ಲದೆ ಆಹಾರ ಪೂರಕಗಳೆಂದು ಮಾರಾಟವಾಗುವುದೇ ಹೆಚ್ಚು. ಹಾಗಾಗಿ ಬರೆದಷ್ಟು ಒಳಗಿದೆಯೇ ಎಂಬ ಖಾತ್ರಿ ಔಷಧಿಗಿರುವಷ್ಟು ಇರುವುದಿಲ್ಲ.

ಜ್ಯೂಸಿನ ಕಥೆ ಬೇರೆ. ಕ್ರ್ಯಾನ್‌ಬೆರಿ ಎಷ್ಟು ಹುಳಿ, ಒಗರು ಎಂದರೆ ಬರೀ ರಸ ಕುಡಿಯುವುದು ಕಷ್ಟ. ಅಂಗಡಿಯ ಜ್ಯೂಸಿನಲ್ಲಿ ನೀರು ಮತ್ತು ಸಕ್ಕರೆಯೇ ಹೆಚ್ಚು, ಕೆಲವದರಲ್ಲಿ ಸೇಬು, ದ್ರಾಕ್ಷಿ ರಸವೂ ಸೇರಿರುತ್ತದೆ. ಅಮೆರಿಕದ ಆಹಾರ ಮತ್ತು ಔಷಧ ಆಡಳಿತ 2020ರಲ್ಲಿ ತಯಾರಕರಿಗೆ ಒಂದು ಸೀಮಿತ ಹೇಳಿಕೆಯನ್ನು ಹಾಕಿಕೊಳ್ಳಲು ಬಿಟ್ಟಿತು. ಹಿಂದೆ ಸೋಂಕು ಬಂದಿದ್ದ ಆರೋಗ್ಯವಂತ ಹೆಂಗಸರಲ್ಲಿ ದಿನಕ್ಕೆ ಸುಮಾರು 240 ಮಿಲಿಲೀಟರ್ ಪಾನೀಯ ಮರುಕಳಿಕೆಯನ್ನು ಕಡಿಮೆ ಮಾಡಬಹುದು; ಆದರೆ ಪಾನೀಯದಲ್ಲಿ ಕನಿಷ್ಠ ಶೇ. 27 ಕ್ರ್ಯಾನ್‌ಬೆರಿ ರಸವಿರಬೇಕು, ಸಾಕ್ಷ್ಯ ಸೀಮಿತವೆಂದೂ ಒಂದಕ್ಕೊಂದು ಹೊಂದುವುದಿಲ್ಲವೆಂದೂ ಬರೆಯಬೇಕು. ಸಕ್ಕರೆ ಬೆರೆಸಿದ ಇಂಥ ಒಂದು ಲೋಟದಲ್ಲಿ ಐದಾರು ಚಮಚ ಸಕ್ಕರೆ ಇರಬಹುದು. ಮಧುಮೇಹವಿದ್ದವರು ದಿನವೂ ಇದನ್ನು ಕುಡಿಯುವುದು ಸರಿಯಲ್ಲ. ಒಣಗಿಸಿದ ಹಣ್ಣಿಗೂ ಸಾಮಾನ್ಯವಾಗಿ ಸಕ್ಕರೆ ಸೇರಿಸಿರುತ್ತಾರೆ. ಅದನ್ನು ತಿಂಡಿಯೆಂದು ತಿನ್ನಬಹುದು, ತಡೆಯೆಂದು ನಂಬಬಾರದು.

ಇನ್ನೊಂದು ಎಚ್ಚರ. ನಮ್ಮ ಕುರುಚಲು ಕಾಡಿನ ಕವಳಿ ಹಣ್ಣನ್ನೇ ಕೆಲವರು ‘ಇಂಡಿಯನ್ ಕ್ರ್ಯಾನ್‌ಬೆರಿ’ ಎಂದು ಮಾರುತ್ತಾರೆ. ಕವಳಿ ರುಚಿಯಾದ ಹಣ್ಣು, ಉಪ್ಪಿನಕಾಯಿಗೂ ಒಳ್ಳೆಯದು. ಆದರೆ ಅದು ಉತ್ತರ ಅಮೆರಿಕದ ಜೌಗಿನಲ್ಲಿ ಬೆಳೆಯುವ ಕ್ರ್ಯಾನ್‌ಬೆರಿಗೆ ನಂಟೇ ಇಲ್ಲದ ಬೇರೆ ಕುಟುಂಬದ ಸಸ್ಯ. ಇಲ್ಲಿ ಹೇಳಿದ ಯಾವ ಸಾಕ್ಷ್ಯವೂ ಕವಳಿಗೆ ಅನ್ವಯಿಸುವುದಿಲ್ಲ.

ಒಬ್ಬ ಶಿಕ್ಷಕಿಯ ಉದಾಹರಣೆ

ಇದೆಲ್ಲ ಬದುಕಿನಲ್ಲಿ ಹೇಗೆ ಬರುತ್ತದೆ ಎಂದು ನೋಡಲು ಒಬ್ಬ ಹೆಂಗಸನ್ನು ಕಲ್ಪಿಸಿಕೊಳ್ಳೋಣ. ಸುಜಾತಾ, 36 ವರ್ಷ, ಹಳ್ಳಿಯ ಶಾಲೆಯೊಂದರ ಶಿಕ್ಷಕಿ. ಶಾಲೆಯ ಶೌಚಾಲಯ ಸರಿಯಿಲ್ಲವೆಂದು ಬೆಳಿಗ್ಗೆಯಿಂದ ಸಂಜೆಯವರೆಗೆ ಅರ್ಧ ಬಾಟಲಿ ನೀರು ಮಾತ್ರ ಕುಡಿಯುತ್ತಾರೆ, ಮೂತ್ರ ಬಂದರೂ ತಡೆದುಕೊಳ್ಳುತ್ತಾರೆ. ಎಂಟು ತಿಂಗಳಲ್ಲಿ ಮೂರು ಸಲ ಉರಿಮೂತ್ರ ಬಂದಿದೆ. ಮೊದಲೆರಡು ಸಲ ಮೆಡಿಕಲ್ ಶಾಪಿನವರು ಕೊಟ್ಟ ಮೂರು ದಿನದ ಆಂಟಿಬಯಾಟಿಕ್ ನುಂಗಿದ್ದರು. ಎರಡನೆಯ ಸಲ ಪೂರ್ತಿ ವಾಸಿಯಾಗಲಿಲ್ಲ. ಮೂರನೆಯ ಸಲ ಗೆಳತಿಯೊಬ್ಬರು, ‘ಅಕ್ಕಾ, ಆ ಕ್ರ್ಯಾನ್‌ಬೆರಿ ಮಾತ್ರೆ ತಗೊಂಡು ನೋಡಿ’ ಎಂದರು.

ಆರು ತಿಂಗಳಲ್ಲಿ ಎರಡು ಅಥವಾ ವರ್ಷದಲ್ಲಿ ಮೂರು ಸೋಂಕು ಬಂದರೆ ಅದನ್ನು ಮರುಕಳಿಸುವ ಸೋಂಕು ಎನ್ನುತ್ತಾರೆ. ಸುಜಾತಾ ಆ ಗುಂಪಿಗೆ ಸೇರುತ್ತಾರೆ. ಆದರೆ ಮೂರೂ ಸಲ ಬಂದದ್ದು ನಿಜವಾಗಿ ಸೋಂಕೇ ಎಂಬುದನ್ನು ಯಾರೂ ನೋಡಿಲ್ಲ. ಆದ್ದರಿಂದ ಮೊದಲ ಹೆಜ್ಜೆ ಮಾತ್ರೆಯಲ್ಲ, ವೈದ್ಯರ ಭೇಟಿ ಮತ್ತು ಯೂರಿನ್ ಕಲ್ಚರ್. ಲ್ಯಾಬಿನವರು ಕೊಟ್ಟ ಶುದ್ಧ ಡಬ್ಬಿಯಲ್ಲಿ, ಆಂಟಿಬಯಾಟಿಕ್ ಶುರುಮಾಡುವ ಮೊದಲೇ ಮೂತ್ರ ಹಿಡಿಯಬೇಕು. ಮೊದಲು ನೀರಿನಿಂದ ತೊಳೆದುಕೊಂಡು, ಆರಂಭದ ಮೂತ್ರವನ್ನು ಹೊರಗೆ ಬಿಟ್ಟು, ನಡುವಿನದನ್ನು ಮಾತ್ರ ಡಬ್ಬಿಗೆ ತುಂಬಬೇಕು. ಎರಡು ಗಂಟೆಯೊಳಗೆ ಲ್ಯಾಬಿಗೆ ಮುಟ್ಟಿಸಬೇಕು, ಆಗದಿದ್ದರೆ ಫ್ರಿಜ್ಜಿನಲ್ಲಿಡಬೇಕು. ಬೆಚ್ಚಗೆ ಬಿಟ್ಟರೆ ಚರ್ಮದಿಂದ ಸೇರಿದ ನಾಲ್ಕು ಕ್ರಿಮಿಗಳೂ ಬೆಳೆದು ಲಕ್ಷವಾಗಿ ವರದಿ ದಾರಿ ತಪ್ಪಿಸುತ್ತದೆ.

ಎರಡು ಮೂರು ದಿನದಲ್ಲಿ ವರದಿ ಬರುತ್ತದೆ: ಇ. ಕೋಲೈ ಬೆಳೆದಿದೆ, ಸಿಪ್ರೊಫ್ಲಾಕ್ಸಸಿನ್‌ಗೆ ಬಗ್ಗುವುದಿಲ್ಲ, ನೈಟ್ರೊಫ್ಯುರಾಂಟಾಯಿನ್‌ಗೆ ಬಗ್ಗುತ್ತದೆ. ಎರಡನೆಯ ಸಲ ಏಕೆ ವಾಸಿಯಾಗಲಿಲ್ಲ ಎಂಬುದಕ್ಕೆ ಉತ್ತರದ ಸುಳಿವು ಇಲ್ಲಿ ಸಿಗುತ್ತದೆ. ವೈದ್ಯರು ಸರಿಯಾದ ಔಷಧಿಯನ್ನು ಸರಿಯಾದಷ್ಟು ದಿನ ಕೊಡುತ್ತಾರೆ, ರಕ್ತದ ಸಕ್ಕರೆ ನೋಡುತ್ತಾರೆ. ಈ ಔಷಧಿ ನಡೆಯುವಾಗ ಉರಿಗೆಂದು ಕೊಡುವ ಸಿಟ್ರೇಟ್ ಸಿರಪ್ಪನ್ನು ತಾವಾಗಿಯೇ ಸೇರಿಸಿಕೊಳ್ಳಬಾರದು. ಸಿರಪ್ಪು ಮೂತ್ರದ ಆಮ್ಲೀಯತೆಯನ್ನು ತಗ್ಗಿಸುತ್ತದೆ, ಆಗ ನೈಟ್ರೊಫ್ಯುರಾಂಟಾಯಿನ್‌ನ ಬಲ ಕುಗ್ಗುತ್ತದೆ.

ಸೋಂಕು ವಾಸಿಯಾದ ಮೇಲೆ ತಡೆಯ ಮಾತು. ಇಲ್ಲಿ ಕ್ರ್ಯಾನ್‌ಬೆರಿಗಿಂತ ಮೊದಲು ಬರುವುದು ನೀರು. 2018ರಲ್ಲಿ ಪ್ರಕಟವಾದ ಬಲ್ಗೇರಿಯಾದ ಪ್ರಯೋಗವೊಂದರಲ್ಲಿ ದಿನಕ್ಕೆ ಒಂದೂವರೆ ಲೀಟರಿಗಿಂತ ಕಡಿಮೆ ದ್ರವ ಕುಡಿಯುವ, ಮರುಕಳಿಸುವ ಸೋಂಕಿನ 140 ಹೆಂಗಸರಿದ್ದರು. ಅರ್ಧ ಮಂದಿಗೆ ದಿನವೂ ಇನ್ನೂ ಒಂದೂವರೆ ಲೀಟರ್ ನೀರು ಕುಡಿಯಲು ಹೇಳಿದರು. ವರ್ಷದಲ್ಲಿ ಅವರಿಗೆ ಸರಾಸರಿ 1.7 ಸಲ ಸೋಂಕು ಬಂದರೆ, ಎಂದಿನಂತೆ ಕುಡಿದವರಿಗೆ 3.2 ಸಲ ಬಂತು. ಖರ್ಚಿಲ್ಲದ ನೀರು ಇಷ್ಟು ಮಾಡಿತು. ಸುಜಾತಾ ಅವರಂತೆ ಶೌಚಾಲಯದ ಹೆದರಿಕೆಯಿಂದ ನೀರು ಬಿಟ್ಟವರಿಗೆ ಇದು ನೇರವಾಗಿ ತಟ್ಟುವ ಮಾತು. ಶಾಲೆಯಲ್ಲಿ ಬೀಗ ಹಾಕಬಹುದಾದ, ನೀರಿರುವ ಶೌಚಾಲಯವಿಲ್ಲದೆ ‘ನೀರು ಕುಡಿಯಿರಿ’ ಎಂದು ಹೇಳಿ ಪ್ರಯೋಜನವಿಲ್ಲ. ಅದನ್ನು ಕೇಳಿ ಪಡೆಯುವುದೂ ಈ ಚಿಕಿತ್ಸೆಯ ಭಾಗವೇ. ಹೃದಯ ವೈಫಲ್ಯ ಅಥವಾ ಕಿಡ್ನಿ ಕಾಯಿಲೆ ಇದ್ದವರು ಮಾತ್ರ ವೈದ್ಯರನ್ನು ಕೇಳದೆ ನೀರು ಹೆಚ್ಚಿಸಬಾರದು.

ಇದರ ಜೊತೆಗೆ ಸುಜಾತಾ 36 ಮಿಲಿಗ್ರಾಂ ಪಿಎಸಿ ಇರುವ ಕ್ರ್ಯಾನ್‌ಬೆರಿ ಮಾತ್ರೆಯನ್ನು ದಿನವೂ ತಪ್ಪದೆ ಆರು ತಿಂಗಳು ತೆಗೆದುಕೊಂಡು ನೋಡಬಹುದು. ಇದು ತಡೆಯಾದ್ದರಿಂದ ವಾರಕ್ಕೆರಡು ದಿನ ನುಂಗಿದರೆ ಅರ್ಥವಿಲ್ಲ. ಕ್ಯಾಲೆಂಡರಿನಲ್ಲಿ ಉರಿ ಬಂದ ದಿನ, ಕಲ್ಚರಿನ ಫಲ, ತೆಗೆದುಕೊಂಡ ಆಂಟಿಬಯಾಟಿಕ್ಕಿನ ಹೆಸರು, ಇಷ್ಟನ್ನು ಗುರುತಿಸಬೇಕು. ಹಿಂದಿನ ಗತಿಯಲ್ಲಿ ಆರು ತಿಂಗಳಿಗೆ ಎರಡು ಸೋಂಕು ಬರಬೇಕಿತ್ತು. ಒಂದೂ ಬರದಿದ್ದರೆ ಒಳ್ಳೆಯದು, ಮುಂದುವರಿಸಬಹುದು. ಆದರೆ ಅದು ನೀರಿನ ಫಲವೋ ಮಾತ್ರೆಯದೋ ಹೇಳಲಾಗದು, ಏಕೆಂದರೆ ಈ ಸೋಂಕು ತಾನಾಗಿಯೇ ಕೆಲವು ತಿಂಗಳು ಬಿಡುವು ಕೊಡುವುದೂ ಉಂಟು. ಎರಡೂ ಬಂದರೆ ಮಾತ್ರೆಯ ಹಣ ಉಳಿಸಿ ಮತ್ತೆ ವೈದ್ಯರ ಬಳಿ ಹೋಗಬೇಕು. ಅವರಲ್ಲಿ ಬೇರೆ ದಾರಿಗಳಿವೆ. ಸಂಭೋಗದ ನಂತರವೇ ಸೋಂಕು ಬರುವವರಿಗೆ ಆಗ ಮಾತ್ರ ಒಂದು ಮಾತ್ರೆ, ಇನ್ನು ಕೆಲವರಿಗೆ ಕೆಲಕಾಲ ಕಡಿಮೆ ಪ್ರಮಾಣದ ಆಂಟಿಬಯಾಟಿಕ್, ಆಂಟಿಬಯಾಟಿಕ್ ಅಲ್ಲದ ಮೆಥೆನಮಿನ್, ಹೀಗೆ. ಅನೇಕ ಪುಡಿಗಳಲ್ಲಿ ಕ್ರ್ಯಾನ್‌ಬೆರಿಯ ಜೊತೆ ಬೆರೆಸುವ ಡಿ-ಮ್ಯಾನೋಸ್ ಎಂಬ ಸಕ್ಕರೆಯ ಮೇಲೆ ಭರವಸೆ ಇಡುವಂತಿಲ್ಲ. ಬ್ರಿಟನ್ನಿನಲ್ಲಿ 598 ಹೆಂಗಸರ ಮೇಲೆ ನಡೆದು 2024ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಅದರಿಂದ ಲಾಭ ಕಾಣಲಿಲ್ಲ.

ಮುಟ್ಟು ನಿಂತವರ ಸಂಗತಿ

ಸುಜಾತಾ ಅವರ ತಾಯಿಗೆ ಇದೇ ತೊಂದರೆ ಬಂದರೆ ದಾರಿ ಬೇರೆ. ಮುಟ್ಟು ನಿಂತ ಮೇಲೆ ಈಸ್ಟ್ರೊಜೆನ್ ಇಳಿದು ಯೋನಿಯ ಚರ್ಮ ತೆಳುವಾಗುತ್ತದೆ, ಒಣಗುತ್ತದೆ. ಅಲ್ಲಿ ಕಾವಲಿದ್ದ ಒಳ್ಳೆಯ ಬ್ಯಾಕ್ಟೀರಿಯಾಗಳು ಕಡಿಮೆಯಾಗಿ ಇ. ಕೋಲೈಗೆ ಜಾಗ ಸಿಗುತ್ತದೆ. ಈ ಮೂಲಕಾರಣಕ್ಕೆ ಔಷಧಿ ಇದೆ. 1993ರ ಒಂದು ಪ್ರಯೋಗದಲ್ಲಿ ಯೋನಿಗೆ ಹಚ್ಚುವ ಎಸ್ಟ್ರಿಯಾಲ್ ಕ್ರೀಮ್ ಬಳಸಿದವರಿಗೆ ವರ್ಷಕ್ಕೆ ಸರಾಸರಿ 0.5 ಸಲ ಸೋಂಕು ಬಂದರೆ, ಹುಸಿ ಕ್ರೀಮ್ ಬಳಸಿದವರಿಗೆ 5.9 ಸಲ ಬಂತು. ಇಷ್ಟು ದೊಡ್ಡ ವ್ಯತ್ಯಾಸವನ್ನು ಯಾವ ಹಣ್ಣೂ ತೋರಿಸಿಲ್ಲ. ನಮ್ಮ ತಾಯಂದಿರು ಸಂಕೋಚದಿಂದ ಈ ಮಾತನ್ನು ಎತ್ತುವುದೇ ಇಲ್ಲ. ಸ್ತ್ರೀರೋಗ ತಜ್ಞರನ್ನು ಕಂಡು ಕೇಳಬೇಕು. ಸ್ತನ ಕ್ಯಾನ್ಸರ್ ಆಗಿದ್ದವರು ಅದನ್ನು ಮೊದಲೇ ತಿಳಿಸಬೇಕು.

ವಯಸ್ಸಾದವರ ಮೂತ್ರ ವಾಸನೆ ಬಂತು, ಮಬ್ಬಾಯಿತು ಎಂಬ ಕಾರಣಕ್ಕೇ ಸೋಂಕೆಂದು ಔಷಧಿ ಶುರುಮಾಡುವ ರೂಢಿಯೂ ಇದೆ. ಹಿರಿಯರಲ್ಲಿ ಅನೇಕರ ಮೂತ್ರದಲ್ಲಿ ತೊಂದರೆ ಕೊಡದ ಬ್ಯಾಕ್ಟೀರಿಯಾ ಇದ್ದೇ ಇರುತ್ತದೆ. ಉರಿ, ನೋವು, ಜ್ವರ ಇಲ್ಲದಿದ್ದರೆ ಸಾಮಾನ್ಯವಾಗಿ ಅದಕ್ಕೆ ಆಂಟಿಬಯಾಟಿಕ್ಕೂ ಬೇಡ, ಕ್ರ್ಯಾನ್‌ಬೆರಿಯೂ ಬೇಡ.

ಯಾರು ಎಚ್ಚರ ವಹಿಸಬೇಕು

ಕ್ರ್ಯಾನ್‌ಬೆರಿಯಿಂದ ಹೆಚ್ಚಿನವರಿಗೆ ತೊಂದರೆಯಿಲ್ಲ, ಕೆಲವರಿಗೆ ಹೊಟ್ಟೆ ಕೆಡಬಹುದು. ರಕ್ತ ಹೆಪ್ಪುಗಟ್ಟದಂತೆ ವಾರ್ಫರಿನ್ ತೆಗೆದುಕೊಳ್ಳುವವರು ಮಾತ್ರ ವೈದ್ಯರಿಗೆ ಹೇಳದೆ ಶುರುಮಾಡಬಾರದು. ರಕ್ತಸ್ರಾವವಾದ ಕೆಲವು ಪ್ರಕರಣಗಳನ್ನು ನೋಡಿ ಬ್ರಿಟನ್ನಿನ ಔಷಧ ನಿಯಂತ್ರಕರು ಎರಡು ದಶಕಗಳ ಹಿಂದೆಯೇ ಎಚ್ಚರಿಕೆ ಕೊಟ್ಟಿದ್ದಾರೆ. ಆಕ್ಸಲೇಟ್ ಜಾತಿಯ ಕಿಡ್ನಿ ಕಲ್ಲು ಬಂದಿದ್ದವರೂ ಕೇಳಿಯೇ ತೆಗೆದುಕೊಳ್ಳಬೇಕು. ಪುಡಿಗಳಲ್ಲಿ ಪೊಟ್ಯಾಸಿಯಂ ಸಿಟ್ರೇಟ್ ಬೆರೆಸಿದ್ದರೆ, ಕಿಡ್ನಿ ದುರ್ಬಲವಾಗಿರುವವರಿಗೆ, ಪೊಟ್ಯಾಸಿಯಂ ಹೆಚ್ಚಿಸುವ ಬಿಪಿ ಮಾತ್ರೆ ನುಂಗುವವರಿಗೆ ಅದು ಅಪಾಯ.

ವೈದ್ಯರ ಬಳಿಗೆ ಯಾವಾಗ

ಉರಿಯ ಜೊತೆಗೆ ಜ್ವರ, ಚಳಿ ನಡುಕ, ಪಕ್ಕೆಯಲ್ಲೋ ಸೊಂಟದ ಮೇಲ್ಭಾಗದಲ್ಲೋ ನೋವು, ವಾಂತಿ ಬಂದರೆ ಸೋಂಕು ಕಿಡ್ನಿಗೆ ಏರಿದೆ ಎಂದು ತಿಳಿದು ಅದೇ ದಿನ ಆಸ್ಪತ್ರೆಗೆ ಹೋಗಬೇಕು. ತಲೆ ಸುತ್ತಿ ಬೀಳುವಂತಾದರೆ, ಉಸಿರು ಜೋರಾದರೆ, ಮಾತು ತಡವರಿಸಿದರೆ, ಮೂತ್ರವೇ ಬಾರದಿದ್ದರೆ ರಾತ್ರಿಯಾದರೂ ಕಾಯಬಾರದು.

ಗರ್ಭಿಣಿಯರು ಸಣ್ಣ ಉರಿಯಾದರೂ ತೋರಿಸಬೇಕು. ಅವರಲ್ಲಿ ಸೋಂಕು ಬೇಗ ಕಿಡ್ನಿಗೆ ಏರುತ್ತದೆ, ದಿನ ತುಂಬುವ ಮೊದಲೇ ಹೆರಿಗೆಯಾಗುವ ಅಪಾಯವೂ ಇದೆ. ಚಿಕ್ಕ ಮಕ್ಕಳಿಗೆ ಕಾರಣ ತಿಳಿಯದ ಜ್ವರ ಬಂದರೆ ಮೂತ್ರ ಪರೀಕ್ಷೆ ಆಗಲೇಬೇಕು. ಪದೇಪದೇ ಸೋಂಕು ಬರುವ ಮಗುವಿಗೆ ಕ್ರ್ಯಾನ್‌ಬೆರಿ ಕೊಡುವುದೂ ವೈದ್ಯರು ನೋಡಿದ ಮೇಲಿನ ಮಾತು. ಗಂಡಸರಿಗೆ, ಮಧುಮೇಹಿಗಳಿಗೆ, ಕಿಡ್ನಿ ಕಲ್ಲಿದ್ದವರಿಗೆ, ಕ್ಯಾತಿಟರ್ ಹಾಕಿದವರಿಗೆ ಉರಿಮೂತ್ರ ಬಂದರೆ ಮನೆಮದ್ದಿನಲ್ಲಿ ದಿನ ಕಳೆಯಬಾರದು. ಸಕ್ಕರೆ ಕಾಯಿಲೆಗೆ ಡಾಪಗ್ಲಿಫ್ಲೋಜಿನ್, ಎಂಪಗ್ಲಿಫ್ಲೋಜಿನ್ ಮಾತ್ರೆ ತೆಗೆದುಕೊಳ್ಳುವವರಿಗೆ ಜನನಾಂಗದಲ್ಲಿ ಫಂಗಸ್ ಸೋಂಕಾಗಿ ತುರಿಕೆ, ಉರಿ ಬರುವುದುಂಟು. ಅದಕ್ಕೆ ಬೇಕಾದ ಔಷಧಿಯೇ ಬೇರೆ.

ಮೂತ್ರದಲ್ಲಿ ರಕ್ತ ಕಂಡರೆ, ಅದರಲ್ಲೂ ನೋವಿಲ್ಲದೆ ಕಂಡರೆ, ಒಂದೇ ಸಲ ಕಂಡು ನಿಂತರೂ ತೋರಿಸಬೇಕು. ಮೂತ್ರಕೋಶದ ಕ್ಯಾನ್ಸರ್ ಹೀಗೆ ಶುರುವಾಗಬಹುದು. ಕೀವುಕಣ ಇದೆ ಎಂದು ವರದಿ ಬರುತ್ತಲೇ ಇದ್ದು ಕಲ್ಚರಿನಲ್ಲಿ ಏನೂ ಬೆಳೆಯದಿದ್ದರೆ, ನಮ್ಮ ದೇಶದಲ್ಲಿ ಕಿಡ್ನಿಯ ಕ್ಷಯವನ್ನೂ ನೆನೆಯಬೇಕಾಗುತ್ತದೆ. ಆಂಟಿಬಯಾಟಿಕ್ ಶುರುಮಾಡಿ ಎರಡು ದಿನವಾದರೂ ಇಳಿಯದಿದ್ದರೆ, ಮುಗಿಸಿದ ಎರಡು ವಾರದೊಳಗೆ ಮರಳಿದರೆ, ಹಳೆಯ ಚೀಟಿಯ ಮಾತ್ರೆಯನ್ನೇ ಮತ್ತೆ ತರದೆ ಕಲ್ಚರ್ ಮಾಡಿಸಬೇಕು.

ಕೊನೆಯದಾಗಿ ತೀರ್ಪು ಇಷ್ಟು. ಕಲ್ಚರಿನಿಂದ ಖಚಿತವಾದ ಮರುಕಳಿಸುವ ಮೂತ್ರಕೋಶದ ಸೋಂಕಿದ್ದು, ಬೇರೆ ಕಾಯಿಲೆ ಇಲ್ಲದ ಹೆಂಗಸು ಪಿಎಸಿ ಪ್ರಮಾಣ ಬರೆದ ಕ್ರ್ಯಾನ್‌ಬೆರಿ ಮಾತ್ರೆಯನ್ನು ಆರು ತಿಂಗಳು ತೆಗೆದುಕೊಂಡು ನೋಡುವುದು ಸಮಂಜಸ. ಅದಕ್ಕೆ ಹಣವಿಲ್ಲದವರು ಕೊರಗಬೇಕಿಲ್ಲ, ದಿನಕ್ಕೆ ಒಂದೂವರೆ ಲೀಟರ್ ನೀರು ಹೆಚ್ಚು ಕುಡಿಯುವುದರಲ್ಲಿ ಅದಕ್ಕಿಂತ ಕಡಿಮೆ ಫಲವೇನಿಲ್ಲ. ಉರಿ ಶುರುವಾದ ದಿನ ಮಾತ್ರ ಕ್ರ್ಯಾನ್‌ಬೆರಿ ಡಬ್ಬಿಯನ್ನು ಬದಿಗಿಟ್ಟು, ಮೂತ್ರದ ಮಾದರಿ ಹಿಡಿದು ವೈದ್ಯರ ಬಳಿ ಹೋಗಿ.